ಅಪ್ಪನ ಮನೆ ಮಾರಿದಾಗ ಇಂಡೆಕ್ಸೇಶನ್ ಯಾವ ವರ್ಷದಿಂದ?

ಪಿತ್ರಾರ್ಜಿತ ಮನೆ ಮಾರಿದರೆ ಇಂಡೆಕ್ಸೇಶನ್ ಲೆಕ್ಕವನ್ನು, ಅಂದರೆ ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುವ ಲೆಕ್ಕವನ್ನು, ಮನೆ ನಿಮ್ಮ ಹೆಸರಿಗೆ ಬಂದ ವರ್ಷದಿಂದಲ್ಲ, ಅಪ್ಪ ಕೊಂಡ ವರ್ಷದಿಂದ ಹಿಡಿಯಿರಿ. ಅಪ್ಪ ಕೊಟ್ಟ ಬೆಲೆಯೇ ನಿಮ್ಮ ಬೆಲೆ ಅಂದಮೇಲೆ ವರ್ಷವೂ ಅವರದ್ದೇ ಅಲ್ವಾ? ಬಾಂಬೆ ಹೈಕೋರ್ಟ್ ಮಂಜುಳಾ ಶಾ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ. 2001ಕ್ಕಿಂತ ಹಿಂದೆ ಕೊಂಡಿದ್ದರೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆ ಹಿಡಿಯಬಹುದು, ಆದರೆ ಅಂದಿನ ಗೈಡೆನ್ಸ್ ವ್ಯಾಲ್ಯೂ ದಾಟುವಂತಿಲ್ಲ. ತುಮಕೂರಿನ ಒಂದು ಹಳೇ ಮನೆ ಅಂದುಕೊಳ್ಳಿ. 2001ರಲ್ಲಿ 5 ಲಕ್ಷ, 2012-13ರಲ್ಲಿ ಮಗನಿಗೆ ಬಂತು, 2025-26ರಲ್ಲಿ 25 ಲಕ್ಷಕ್ಕೆ ಹೋಯಿತು. ಈ ಏರಿಕೆಗೆ ಬಳಸುವ ಸೂಚ್ಯಂಕ 2001-02ಕ್ಕೆ 100, 2012-13ಕ್ಕೆ 200, 2025-26ಕ್ಕೆ 376. ಮಗನ ವರ್ಷ ಹಿಡಿದರೆ ವೆಚ್ಚ 9.4 ಲಕ್ಷ, ಉಳಿದ ಲಾಭಕ್ಕೆ 20% ತೆರಿಗೆ 3.12 ಲಕ್ಷ. 2001ರಿಂದ ಹಿಡಿದರೆ ವೆಚ್ಚ 18.8 ಲಕ್ಷ, ತೆರಿಗೆ ಬರೀ 1.24 ಲಕ್ಷ (ಸೆಸ್ ಬೇರೆ). ಇಂಡೆಕ್ಸೇಶನ್ ಇಲ್ಲದ 12.5% ದಾರಿಯಲ್ಲಿ 2.5 ಲಕ್ಷ. ಹಾಗಂತ ಎಲ್ಲ ಕಡೆ ಇದು ನಡೆಯಲ್ಲ. ಬೆಲೆ 2001ರದ್ದಕ್ಕಿಂತ ಎಂಟೂವರೆ ಪಟ್ಟು ಏರಿದ್ದರೆ 12.5% ದಾರಿಯೇ ಅಗ್ಗ. ಬೈಪಾಸ್ ಪಕ್ಕದ ಸೈಟುಗಳಿಗೆ ಸಾಮಾನ್ಯವಾಗಿ ಹೀಗೇ ಆಗುತ್ತದೆ. 2024ರ ಜುಲೈ 23ರ ನಂತರದ ಮಾರಾಟಕ್ಕೆ ಎನ್‌ಆರ್‌ಐಗಳಿಗೆ ಈ 20% ಆಯ್ಕೆಯೇ ಇಲ್ಲ.