ಸಿಟ್ರಿಕ್ ಆಮ್ಲ ಚಕ್ರ: ಮಣಿ ಪೋಣಿಸಿ ಇಂಗಾಲದ ಲೆಕ್ಕ ಹಿಡಿದ ನನ್ನ ಅನುಭವ

‘ಮಣಿ ಪೋಣಿಸೋದು ಚಿಕ್ಕ ಮಕ್ಕಳ ಆಟ, ಪದವಿ ತರಗತಿಗೆ ಯಾಕೆ?’ ಅಂತ ಜೊತೆಯ ಮೇಷ್ಟ್ರೊಬ್ಬರು ಎರಡು ವರ್ಷ ಹೇಳುತ್ತಲೇ ಇದ್ದರು. ಈ ಸಲ ಅವರೇ ನನ್ನ ಮಣಿ ಡಬ್ಬಿ ಕೇಳಿ ತೆಗೆದುಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಚಕ್ರದ ಚಿತ್ರ ನಿಮಗೆಲ್ಲ ಗೊತ್ತು. ನಾಲ್ಕಕ್ಕೆ ಎರಡು ಸೇರಿ ಆರು, ಆಮೇಲೆ ಐದು, ಆಮೇಲೆ ನಾಲ್ಕು. ಈ ಲೆಕ್ಕವನ್ನು ವಿದ್ಯಾರ್ಥಿಗಳು ಸರಿಯಾಗಿಯೇ ಹೇಳುತ್ತಾರೆ. ಆದರೆ ‘ಈ ಸುತ್ತಿನಲ್ಲಿ ಹೊರಬಿದ್ದ ಎರಡು ಇಂಗಾಲ ಯಾವುವು?’ ಅಂತ ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ ಈಗ ತಾನೇ ಒಳಬಂದ ಅಸಿಟೈಲ್‌ನವು ಅನ್ನುತ್ತಾರೆ. ಎರಡು ಬಂತು, ಎರಡು ಹೋಯ್ತು, ಹಾಗೇ ಅನ್ನಿಸುತ್ತೆ ಅಲ್ವಾ? ತಪ್ಪು. ಮೊದಲ ಸುತ್ತಿನಲ್ಲಿ ಹೋಗುವುದು ಎರಡೂ ಆಕ್ಸಲೋಅಸಿಟೇಟ್‌ನ ಹಳೇ ಇಂಗಾಲಗಳೇ.

ಮೊದಲು ಅಯಸ್ಕಾಂತದ ಮಾದರಿ ಕೊಂಡೆ. ಅರ್ಧ ತಿಂಗಳ ಸಂಬಳ ಅದಕ್ಕೇ ಹೋಯಿತು, ಆದರೆ ಎಲ್ಲ ಇಂಗಾಲವೂ ಕಪ್ಪು ಬಣ್ಣದ್ದೇ, ಯಾವುದು ಯಾವುದು ಅಂತ ತಿಳಿಯುತ್ತಿರಲಿಲ್ಲ. ಬಣ್ಣ ಬಳಿದೆ, ಎರಡೇ ತರಗತಿಗೆ ಕಿತ್ತುಬಂತು. ಕೊನೆಗೆ ದಾರ ಮತ್ತು ಮಣಿಗೆ ಬಂದೆ. ಖರ್ಚು ಅದರ ನೂರರಲ್ಲಿ ಒಂದು ಪಾಲೂ ಇಲ್ಲ.

ಆಕ್ಸಲೋಅಸಿಟೇಟ್‌ಗೆ ನಾಲ್ಕು ಕಪ್ಪು ಮಣಿ. ಅಸಿಟೈಲ್‌ಗೆ ಎರಡು: ಕೋಎಗೆ ಅಂಟಿಕೊಂಡ ಕಾರ್ಬೊನಿಲ್ ಇಂಗಾಲ ಕೆಂಪು, ಮೀಥೈಲ್ ಹಳದಿ. ಹಳದಿಯನ್ನು ಆಕ್ಸಲೋಅಸಿಟೇಟ್‌ನ ಕೀಟೋ ಇಂಗಾಲಕ್ಕೆ ಕಟ್ಟಿದರೆ ಸಿಟ್ರೇಟ್. ಐಸೊಸಿಟ್ರೇಟ್ ಆದ ಮೇಲೆ ನಡುವೆ ಕವಲಾಗಿ ನಿಂತ ಕಪ್ಪು ಮಣಿ ಉದುರುತ್ತದೆ, ಒಂದು ಎನ್‌ಎಡಿಎಚ್ ಬರುತ್ತದೆ. ಉಳಿದ ಐದು ಆಲ್ಫಾ ಕೀಟೋಗ್ಲುಟರೇಟ್. ಅದರ ಕಪ್ಪು ತುದಿಯ ಮಣಿ ಉದುರಿದರೆ ಇನ್ನೊಂದು ಎನ್‌ಎಡಿಎಚ್. ಈಗ ದಾರದಲ್ಲಿ ಉಳಿದಿದ್ದು ಕಪ್ಪು, ಕಪ್ಪು, ಹಳದಿ, ಕೆಂಪು. ಬಂದವರು ಇಬ್ಬರೂ ಒಳಗೇ ಇದ್ದಾರೆ! ಈ ಕ್ಷಣಕ್ಕೆ ತರಗತಿಯಲ್ಲಿ ಸದ್ದಾಗುತ್ತದೆ.

ನಾನು ಎಡವಿದ್ದು ಇಲ್ಲಿ. ಸಿಟ್ರೇಟ್‌ನ ಎರಡು ತೋಳೂ ಒಂದೇ ಥರ ಕಾಣುವುದರಿಂದ ಯಾವ ತೋಳಾದರೂ ಆಗಬಹುದು ಅಂದುಕೊಂಡು ನಾಣ್ಯ ಚಿಮ್ಮಿಸಿದ್ದೆ. ಲೆಕ್ಕ ಪೂರ್ತಿ ಕೆಟ್ಟಿತು. ಅಕೋನಿಟೇಸ್ ಕಿಣ್ವ ಆಕ್ಸಲೋಅಸಿಟೇಟ್‌ನ ತೋಳನ್ನೇ ಹಿಡಿಯುತ್ತದೆ. 1940ರ ದಶಕದಲ್ಲಿ ಗುರುತು ಹಾಕಿದ ಇಂಗಾಲ ಒಂದೇ ತುದಿಯಲ್ಲಿ ಸಿಕ್ಕಾಗ, ಸಿಟ್ರೇಟ್ ಈ ದಾರಿಯಲ್ಲೇ ಇಲ್ಲ ಅಂತ ಅನೇಕರು ನಂಬಿದ್ದರು. 1948ರಲ್ಲಿ ಆಗ್ಸ್ಟನ್, ಕಿಣ್ವ ಮೂರು ಜಾಗದಲ್ಲಿ ಹಿಡಿದರೆ ಒಂದೇ ಥರದ ಎರಡು ತೋಳನ್ನೂ ಬೇರೆ ಮಾಡಬಲ್ಲದು ಅಂತ ತೋರಿಸಿದ ಮೇಲೆ ಆ ಗೊಂದಲ ಬಗೆಹರಿಯಿತು.

ನಾಣ್ಯ ಚಿಮ್ಮಿಸಬೇಕಾದ ಜಾಗ ಸಕ್ಸಿನೇಟ್. ಕೋಎ ಬಿಟ್ಟುಹೋಗಿ ಜಿಟಿಪಿ ಬಂದ ಮೇಲೆ ಅದರ ಎರಡು ತುದಿಗೂ ವ್ಯತ್ಯಾಸವೇ ಇಲ್ಲ. ಹಾಗಾಗಿ ದಾರ ಯಾವ ಕಡೆಯಿಂದ ಬೇಕಾದರೂ ಮುಂದಕ್ಕೆ ಹೋಗಬಹುದು. ಆಮೇಲೆ ಫ್ಯೂಮರೇಟ್ ಆಗುವಾಗ ಎಫ್‌ಎಡಿಎಚ್2, ನೀರು ಸೇರಿ ಮ್ಯಾಲೇಟ್, ಕೊನೆಗೆ ಮೂರನೇ ಎನ್‌ಎಡಿಎಚ್.

ಎರಡನೇ ಸುತ್ತಿನಲ್ಲಿ ನೋಡಿ ಮಜಾ. ಕೆಂಪು ಯಾವ ತುದಿಯಲ್ಲಿದ್ದರೂ ಉದುರಲೇಬೇಕು, ಯಾಕೆಂದರೆ ಎರಡು ತುದಿಯೂ ಹೋಗುತ್ತವೆ. ಹಳದಿ ಮಾತ್ರ ಎರಡು ಸುತ್ತು ಪೂರ್ತಿ ಉಳಿಯುತ್ತದೆ. ಮೂರನೆಯದರಲ್ಲಿ ಅರ್ಧ ಹೋಗುತ್ತದೆ, ಆಮೇಲೆ ಪ್ರತಿ ಸುತ್ತಿಗೂ ಉಳಿದದ್ದರಲ್ಲಿ ಅರ್ಧ. ಸುಮಾರು 40 ಜನರಿಗೆ ಒಂದೊಂದು ದಾರ ಕೊಟ್ಟು ಆಡಿಸಿದೆ. ಮೂರನೇ ಸುತ್ತಿನಲ್ಲಿ 18ರೋ 19ರೋ ದಾರಗಳ ಹಳದಿ ಉದುರಿತು. ನನಗಂತೂ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಇದರ ಜೊತೆ ಇನ್ನೊಂದು ಪ್ರಯೋಗ ಮಾಡಿದೆ. ಎಲೆಕ್ಟ್ರಾನ್‌ಗೆ ಚೀಟಿ ಕೊಟ್ಟೆ, ಎನ್‌ಎಡಿಎಚ್‌ಗೆ ಎರಡು, ಎಫ್‌ಎಡಿಎಚ್2ಗೆ ಎರಡು. ಒಟ್ಟು 8 ಬರಲೇಬೇಕು. ಯಾರದಾದರೂ 6 ಬಂದರೆ ಅವರು ಒಂದು ವಾಹಕ ಮರೆತಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತದೆ, ಹೆಚ್ಚಾಗಿ ಬಿಟ್ಟುಹೋಗಿರುವುದು ಮ್ಯಾಲೇಟ್‌ನದು. ಜಿಟಿಪಿಗೂ ಚೀಟಿ ಹಾಕಿ 10 ತಂದವರೂ ಇದ್ದರು. ಅದು ಎಲೆಕ್ಟ್ರಾನ್ ಹೊರುವುದಿಲ್ಲ. ಇನ್ನೊಂದು ಮಾತು, ಎಂಟರಲ್ಲಿ ನಾಲ್ಕು ಮಾತ್ರ ಇಂಗಾಲದ ಡೈಆಕ್ಸೈಡ್ ಹೋಗುವ ಎರಡು ಹೆಜ್ಜೆಯಲ್ಲಿ ಬರುತ್ತವೆ, ಉಳಿದ ನಾಲ್ಕು ಒಂದು ಇಂಗಾಲವೂ ಉದುರದೆ ಬರುತ್ತವೆ. ‘ಗ್ಯಾಸ್ ಹೋದಾಗಲೇ ಎಲೆಕ್ಟ್ರಾನ್’ ಅಂತ ಬಾಯಿಪಾಠ ಮಾಡಿದವರು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು.

ಸಿಟ್ರೇಟ್‌ನ ಕವಲು ಜಾರದಂತೆ ಹಾಕುವ ಗಂಟನ್ನು ಮಾತ್ರ ಇಲ್ಲಿ ಹೇಳಲ್ಲ. ಅದಕ್ಕೆ ನನಗೆ ಮೂರು ತಿಂಗಳು ಹಿಡಿದಿದೆ, ಡಬ್ಬಿ ಒಯ್ದವರಿಗೂ ಹೇಳಿಕೊಟ್ಟಿಲ್ಲ.