ಕ್ಯಾಶುವಾಲ್ಟಿ ಬಾಗಿಲಲ್ಲಿ ನಾನು ಕೊಡುವ ಚೀಟಿ: ಅಪಘಾತದ ಹೊತ್ತು ಮತ್ತು ಎರಡು ಸಲದ ಬಿಪಿ

ಚಿತ್ರದುರ್ಗ–ದಾವಣಗೆರೆ ನಡುವಿನ ಹೆದ್ದಾರಿ 48ರಲ್ಲಿ ನಾನು ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವ ಇಎಂಟಿ. ಗಾಯಾಳುವನ್ನು ಆಸ್ಪತ್ರೆಗೆ ಒಪ್ಪಿಸುವಾಗ "ಆಕ್ಸಿಡೆಂಟ್ ಕೇಸ್ ಸರ್, ಕಾಲು ಮುರಿದೈತೆ, ಬಿಪಿ ಪರವಾಗಿಲ್ಲ" ಎಂದು ಹೇಳಿ ಸಹಿ ಹಾಕಿಸಿಕೊಳ್ಳುವ ರೂಢಿ ಬಹಳ ಕಡೆ ಇದೆ. ಆ ಮಾತಿನಲ್ಲಿ ಡ್ಯೂಟಿ ಡಾಕ್ಟರಿಗೆ ಅತ್ಯಗತ್ಯವಾದ ಎರಡು ಸಂಗತಿ ಬಿಟ್ಟುಹೋಗಿರುತ್ತವೆ. ಅಪಘಾತ ಎಷ್ಟೊತ್ತಿಗೆ ಆಯಿತು, ಮತ್ತು ರಸ್ತೆಯಲ್ಲಿ ನಾವು ನೋಡಿದಾಗಿನಿಂದ ಈಗಿನವರೆಗೆ ಆತನ ಸ್ಥಿತಿ ಸುಧಾರಿಸಿದೆಯೋ ಕುಸಿದಿದೆಯೋ. ಉಳಿದದ್ದರಲ್ಲಿ ಹೆಚ್ಚಿನದನ್ನು ಅವರು ರೋಗಿಯನ್ನು ನೋಡಿಯೇ ತಿಳಿಯಬಹುದು. ಈ ಎರಡನ್ನು ಮಾತ್ರ ನಾವು ಹೇಳದೆ ಇದ್ದರೆ ಯಾರೂ ಹೇಳುವವರಿಲ್ಲ.

ಇದಕ್ಕಾಗಿ ನಾನು ಅಂಗೈಯಗಲದ ದಪ್ಪ ಕಾಗದದ ಚೀಟಿ ಮಾಡಿಕೊಂಡೆ. ಕ್ರಮ ನನ್ನದಲ್ಲ, ಅಟ್ಮಿಸ್ಟ್ ಎಂದು ಹಲವು ದೇಶಗಳ ಆಂಬುಲೆನ್ಸಿನವರು ಬಳಸುವ ಕ್ರಮವೇ. ವಯಸ್ಸು, ಸಮಯ, ಅಪಘಾತದ ರೀತಿ, ಗಾಯಗಳು, ಲಕ್ಷಣಗಳು, ಕೊಟ್ಟ ಚಿಕಿತ್ಸೆ, ಹೀಗೆ ಆರು ಸಾಲು. ನಾನು ಮಾಡಿದ ಬದಲಾವಣೆ ಎರಡೇ. ಸಮಯದ ಸಾಲಿನಲ್ಲಿ "ಅಪಘಾತವಾದದ್ದು" ಮತ್ತು "ಕರೆ ಬಂದದ್ದು" ಎಂದು ಬೇರೆ ಬೇರೆ ಜಾಗ ಬಿಟ್ಟೆ. ಲಕ್ಷಣಗಳ ಸಾಲಿನಲ್ಲಿ ಎರಡು ಕಾಲಂ ಎಳೆದು, ಪ್ರತಿಯೊಂದರ ತಲೆಯ ಮೇಲೆ ಗಂಟೆ ಬರೆಯಲು ಜಾಗ ಇಟ್ಟೆ.

ಕರೆಯ ಹೊತ್ತು ನಮ್ಮ ದಾಖಲೆಯಲ್ಲಿ ತಾನಾಗಿಯೇ ಇರುತ್ತದೆ, ಆದ್ದರಿಂದ ಅದನ್ನೇ ಅಪಘಾತದ ಹೊತ್ತು ಎಂದು ಹೇಳಿಬಿಡುವುದು ಸುಲಭ. ಆದರೆ ರಾತ್ರಿ ಸರ್ವಿಸ್ ರಸ್ತೆಯಲ್ಲಿ ಬಿದ್ದವನನ್ನು ಯಾರೋ ನೋಡಿ ಫೋನ್ ಮಾಡುವಷ್ಟರಲ್ಲಿ ಎಷ್ಟು ಹೊತ್ತು ಕಳೆದಿರುತ್ತದೋ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಇಂಜೆಕ್ಷನ್ ಗಾಯವಾದ 3 ಗಂಟೆಯೊಳಗೆ ಶುರುವಾಗಬೇಕು. ಬೇಗ ಕೊಟ್ಟಷ್ಟೂ ಲಾಭ ಹೆಚ್ಚು, 3 ಗಂಟೆ ಮೀರಿದ ಮೇಲೆ ಕೊಟ್ಟರೆ ಕೆಡುಕೇ ಆಗಬಹುದು. ಆ ಲೆಕ್ಕ ಕರೆಯಿಂದಲ್ಲ, ಗಾಯದಿಂದ. ಹಾಗಾಗಿ ಸ್ಥಳದಲ್ಲಿ ನಾನು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಗಡಿಯಾರ ನೋಡಿಕೊಂಡವರು ಸಿಗುವುದು ಅಪರೂಪ. "ಆಗ ಯಾವ ಬಸ್ ಹೋಗಿತ್ತು? ಅಂಗಡಿ ದೀಪ ಹಾಕಿದ್ರಾ?" ಎಂದು ಕೇಳಿದರೆ ಹೊತ್ತು ಹೊರಬರುತ್ತದೆ. ಅಂದಾಜಾದರೆ ಪಕ್ಕದಲ್ಲಿ "ಅಂದಾಜು" ಎಂದೇ ಬರೆಯುತ್ತೇನೆ.

ಒಂದು ಕೇಸನ್ನು ಪೂರ್ತಿ ಹೇಳುತ್ತೇನೆ. ಭರಮಸಾಗರದ ಹತ್ತಿರ ಬೈಕಿಗೆ ಲಾರಿ ತಗುಲಿ 26ರ ಹುಡುಗ ಬಿದ್ದಿದ್ದ. ಕರೆ ಬಂದದ್ದು ಸಂಜೆ 6.52ಕ್ಕೆ. ನಾವು ಮುಟ್ಟಿದಾಗ 7.08. ಅಲ್ಲಿ ಟೀ ಅಂಗಡಿಯವರನ್ನು ಕೇಳಿದೆ. "ಅಣ್ಣಾ, ನಾವು ದೀಪ ಹಚ್ಚಿ ಕೈ ಮುಗಿಯಾಕೆ ನಿಂತಿದ್ವಿ, ಆಗ ಧಡ್ ಅಂತು. ಆರೂ ಮುಕ್ಕಾಲಕ್ಕಿಂತ ಮೊದ್ಲೇ ಆಗಿರ್ಬೇಕು" ಎಂದರು. ಚೀಟಿಯಲ್ಲಿ "ಅಪಘಾತ 6.40, ಅಂದಾಜು" ಎಂದು ಬರೆದೆ.

ಹುಡುಗ ಮಾತಾಡುತ್ತಿದ್ದ. ಎಡತೊಡೆ ಊದಿಕೊಂಡು ವಕ್ರವಾಗಿತ್ತು. ಎಲ್ಲರ ಕಣ್ಣೂ ಆ ಕಾಲಿನ ಮೇಲೆ. ಆದರೆ ಬೈಕಿನ ಹ್ಯಾಂಡಲ್ ತಿರುಚಿಕೊಂಡಿತ್ತು, ಅಂಗಿ ಎತ್ತಿದರೆ ಎಡಪಕ್ಕೆಯ ಕೆಳಗೆ ಅದರ ತುದಿಯ ಗುಂಡನೆಯ ಗುರುತು. ಎಡಭುಜವೂ ನೋಯುತ್ತದೆ ಎಂದ. ಭುಜದ ಮೇಲೆ ಗಾಯವೇ ಇರಲಿಲ್ಲ. ಎಡಪಕ್ಕೆಯ ಒಳಗಿರುವ ಗುಲ್ಮ ಒಡೆದು ರಕ್ತ ಮೇಲಕ್ಕೆ, ಎದೆ ಹೊಟ್ಟೆ ನಡುವಿನ ಪರದೆಯಾದ ವಪೆಗೆ ತಾಗಿದರೆ ನೋವು ಎಡಭುಜದಲ್ಲಿ ಕಾಣಿಸಿಕೊಳ್ಳುವುದುಂಟು. ಅದಕ್ಕೇ ಗಾಯಗಳ ಸಾಲಿನಲ್ಲಿ "ಕಂಡದ್ದು" ಮತ್ತು "ಅನುಮಾನ" ಎಂದು ವಿಂಗಡಿಸುತ್ತೇನೆ. ರೋಗ ಹೆಸರಿಸುವುದು ನನ್ನ ಕೆಲಸವಲ್ಲ. ಹ್ಯಾಂಡಲ್ ಗುರುತು ಇದೆ, ಭುಜ ನೋಯುತ್ತಿದೆ ಎಂದು ಹೇಳುವುದು ನನ್ನ ಕೆಲಸ. ಹಾಳಾದ ಬೈಕಿನ ಚಿತ್ರವನ್ನೂ ಮುಖ, ನಂಬರ್ ಪ್ಲೇಟ್ ಬಾರದಂತೆ ತೆಗೆದುಕೊಂಡೆ. ರಸ್ತೆಯ ನೋಟ ಡಾಕ್ಟರಿಗೆ ಬೇರೆ ದಾರಿಯಲ್ಲಿ ಸಿಗುವುದಿಲ್ಲ.

7.12ಕ್ಕೆ ಮೊದಲ ಸಲ ನೋಡಿದಾಗ ನಾಡಿ 104, ಬಿಪಿ 118/76, ಉಸಿರು 22, ಪ್ರಜ್ಞೆಯ ಮಟ್ಟ ಹೇಳುವ ಜಿಸಿಎಸ್ ಅಂಕ 15ಕ್ಕೆ 15. ಕಾಲಿಗೆ ಸ್ಪ್ಲಿಂಟ್ ಕಟ್ಟಿ, ಆಕ್ಸಿಜನ್ ಹಾಕಿ, ಕೈಗೆ ಕ್ಯಾನುಲಾ ಹಾಕಿ ಹೊರಟೆವು. 7.34ಕ್ಕೆ ಎರಡನೇ ಸಲ: ನಾಡಿ 128, ಬಿಪಿ 98/60, ಉಸಿರು 28, ಜಿಸಿಎಸ್ 14, ಮಾತಿನಲ್ಲಿ ಸ್ವಲ್ಪ ಗೊಂದಲ, ಅಂಗೈ ತಣ್ಣಗೆ. ಅಷ್ಟರಲ್ಲಿ ಹೋಗಿದ್ದ ಸಲೈನ್ 250 ಎಂಎಲ್.

98/60 ಎಂಬ ಒಂದೇ ಸಂಖ್ಯೆ ಕೇಳಿದವರಿಗೆ "ಸ್ವಲ್ಪ ಕಡಿಮೆ, ತೊಡೆ ಮುರಿದಿದೆಯಲ್ಲ" ಎನಿಸಬಹುದು. 118ರಿಂದ ಸುಮಾರು ಇಪ್ಪತ್ತು ನಿಮಿಷದಲ್ಲಿ, ಅದೂ ಸಲೈನ್ ಹೋಗುತ್ತಿರುವಾಗಲೇ, 98ಕ್ಕೆ ಇಳಿದಿದೆ ಎಂದರೆ ಅರ್ಥವೇ ಬೇರೆ. ಹರೆಯದವರ ದೇಹ ರಕ್ತನಾಳ ಬಿಗಿದು, ನಾಡಿ ಏರಿಸಿ ಬಿಪಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಬಿಪಿ ಇಳಿಯುವ ಹೊತ್ತಿಗೆ ಮೈರಕ್ತದ ಮೂರನೇ ಒಂದು ಭಾಗದ ಹತ್ತಿರ ಹೋಗಿರುತ್ತದೆ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ ನೋಡುವುದು ನನ್ನ ಅಭ್ಯಾಸ: ಮೊದಲು 0.88, ಆಮೇಲೆ 1.3. ಒಂದನ್ನು ದಾಟಿದರೆ ಗಾಡಿ ಓಡಿಸುವ ಪೈಲಟ್‌ಗೆ ಹೇಳಿ ಆಸ್ಪತ್ರೆಗೆ ಮುಂಚೆಯೇ ಫೋನ್ ಮಾಡಿಸುತ್ತೇನೆ.

ಚಿತ್ರದುರ್ಗದ ಕ್ಯಾಶುವಾಲ್ಟಿಯಲ್ಲಿ ಸ್ಟ್ರೆಚರ್ ನಿಂತ ಕೂಡಲೇ, ಹಾಸಿಗೆಗೆ ಸರಿಸುವ ಮುಂಚೆ, ನಾನು ಹೇಳಿದ್ದು ಇಷ್ಟು: "ಮೇಡಂ, 26 ವರ್ಷ, ಗಂಡು. ಅಪಘಾತ ಅಂದಾಜು 6.40ಕ್ಕೆ. ಬೈಕಿಗೆ ಲಾರಿ ತಗುಲಿ ಬಿದ್ದಿದ್ದಾರೆ, ಹೆಲ್ಮೆಟ್ ಇತ್ತು. ಎಡತೊಡೆ ಮುರಿದಿದೆ. ಎಡಪಕ್ಕೆಯ ಕೆಳಗೆ ಹ್ಯಾಂಡಲ್ ಗುರುತು, ಎಡಭುಜ ನೋವು, ಹೊಟ್ಟೆಯೊಳಗೆ ರಕ್ತಸ್ರಾವದ ಅನುಮಾನ. 7.12ಕ್ಕೆ ನಾಡಿ 104, ಬಿಪಿ 118/76. 7.34ಕ್ಕೆ 128, 98/60, ಸ್ವಲ್ಪ ಗೊಂದಲ. ಸ್ಪ್ಲಿಂಟ್, ಆಕ್ಸಿಜನ್, ಸಲೈನ್ 250. ಟ್ರಾನೆಕ್ಸಾ ಕೊಟ್ಟಿಲ್ಲ."

ಅವರು ಕೇಳಿದ್ದು ಒಂದೇ, "ಪ್ರಜ್ಞೆ ತಪ್ಪಿತ್ತಾ?" ಇಲ್ಲ ಎಂದೆ. ಕಾಲಿನ ಎಕ್ಸ್‌ರೇ ಬದಿಗಿಟ್ಟು ಮೊದಲು ಹೊಟ್ಟೆಯ ಸ್ಕ್ಯಾನ್ ಮಾಡಿದರು. ಗುಲ್ಮದ ಸುತ್ತ ರಕ್ತ ಕಂಡಿತು. ಇಂಜೆಕ್ಷನ್ನಿನ ಗಡುವು 9.40 ಎಂಬುದು ಚೀಟಿಯಿಂದಲೇ ಸಿಕ್ಕಿತು. 8 ಗಂಟೆಗೂ ಮುಂಚೆ ಮೊದಲ 1 ಗ್ರಾಂ ಶುರುವಾಯಿತು, ಸರ್ಜನ್‌ಗೂ ಕರೆ ಹೋಯಿತು.

ಹೀಗೆ ಹೇಳಿ ಮುಗಿಸಲು ಬೇಕಾದ ಅರ್ಧ ನಿಮಿಷ ಎಲ್ಲ ಕಡೆ ಸುಲಭವಾಗಿ ಸಿಗುವುದಿಲ್ಲ. ಒಬ್ಬರು ಬಿಪಿ ಪಟ್ಟಿ ಸುತ್ತುತ್ತಾರೆ, ಇನ್ನೊಬ್ಬರು ಪೊಲೀಸ್ ಕೇಸಿನ ದಾಖಲೆಯಾದ ಎಂಎಲ್‌ಸಿಗೆ ಹೆಸರು, ಊರು ಕೇಳುತ್ತಾರೆ, ನಡುವೆ ಮಾತು ಕತ್ತರಿಸಿಹೋಗುತ್ತದೆ. "ಸಿಸ್ಟರ್, ಅರ್ಧ ನಿಮಿಷ ಕೇಳಿಬಿಡಿ, ಆಮೇಲೆ ಸರಿಸೋಣ" ಎಂದು ಗೌರವದಿಂದ ಕೇಳಿದರೆ ಹೆಚ್ಚಿನವರು ನಿಲ್ಲುತ್ತಾರೆ. ಉಸಿರು ನಿಂತವನಿಗೆ, ರಕ್ತ ಚಿಮ್ಮುತ್ತಿರುವವನಿಗೆ ಈ ನಿಯಮ ಇಲ್ಲ. ಅಲ್ಲಿ ಕೈ ಮೊದಲು, ಮಾತು ಕೆಲಸದ ಜೊತೆಯಲ್ಲೇ.

ಚೀಟಿಯಲ್ಲಿ "ನಾರ್ಮಲ್" ಎಂಬ ಪದ ಬರೆಯುವುದಿಲ್ಲ, ಸಂಖ್ಯೆಯನ್ನೇ ಬರೆಯುತ್ತೇನೆ. ನೋಡದೆ ಉಳಿದದ್ದನ್ನು ಖಾಲಿ ಬಿಡದೆ "ನೋಡಿಲ್ಲ" ಎನ್ನುತ್ತೇನೆ, ಏಕೆಂದರೆ ಖಾಲಿ ಜಾಗವನ್ನು ಓದುವವರು ಸರಿಯಿದೆ ಎಂದು ಎಣಿಸುತ್ತಾರೆ. ಬಾಯಿಂದ ಮದ್ಯದ ವಾಸನೆ ಬಂದರೆ ಅದನ್ನು ಬರೆಯುತ್ತೇನೆ, ಆದರೆ ಜಿಸಿಎಸ್ ಕಡಿಮೆಯಾಗಿದ್ದಕ್ಕೆ ಅದೇ ಕಾರಣ ಎಂದು ಬರೆಯುವುದಿಲ್ಲ; ಕುಡಿದವನ ತಲೆಯೊಳಗೂ ರಕ್ತ ಸೋರುತ್ತಿರಬಹುದು. ಒಂದೇ ಗಾಡಿಯಲ್ಲಿ ಇಬ್ಬರಿದ್ದರೆ ಮಣಿಕಟ್ಟಿನ ಪ್ಲಾಸ್ಟರ್ ಮೇಲೂ ಚೀಟಿಯ ಮೇಲೂ ಒಂದೇ ಸಂಖ್ಯೆ.

ಚೀಟಿಯನ್ನು ಕಾರ್ಬನ್ ಇಟ್ಟು ಬರೆಯುತ್ತೇನೆ. ಮೇಲಿನ ಪ್ರತಿ ಕೇಸ್ ಶೀಟಿಗೆ ಪಿನ್ ಆಗುತ್ತದೆ, ಕೆಳಗಿನದು ನಮ್ಮ ದಾಖಲೆಗೆ. ಚಿತ್ರದುರ್ಗದಿಂದ ದಾವಣಗೆರೆಗೆ ರೆಫರ್ ಆದರೆ ಮೇಲಿನ ಪ್ರತಿ ರೋಗಿಯ ಜೊತೆ ಹೋಗಬೇಕು ಎಂದು ಸಿಸ್ಟರ್ ಹತ್ತಿರ ಹೇಳಿಯೇ ಬರುತ್ತೇನೆ. ಅಲ್ಲಿನ ಡಾಕ್ಟರಿಗೆ 7.12ರ ಬಿಪಿ ಬೇರೆ ಯಾವ ಕಾಗದದಲ್ಲೂ ಸಿಗುವುದಿಲ್ಲ.