ಸತ್ತ ಷೇರುಗಳನ್ನೂ ಲೆಕ್ಕಕ್ಕೆ ತಂದ ಮೇಲೆ

2019ರಲ್ಲಿ ನಾನು ಮಾಡಿದ ಬ್ಯಾಕ್‌ಟೆಸ್ಟ್, ಅಂದರೆ ಒಂದು ನಿಯಮವನ್ನು ಹಳೇ ಬೆಲೆಗಳ ಮೇಲೆ ಓಡಿಸಿದ ಪರೀಕ್ಷೆ, ನೋಡಿದವರು ಮೂಗಿನ ಮೇಲೆ ಬೆರಳಿಟ್ಟಿದ್ದರು. ದೊಡ್ಡ ಕಂಪನಿಯ ಷೇರು ವರ್ಷದ ಗರಿಷ್ಠ ಬೆಲೆಯಿಂದ ಅರ್ಧಕ್ಕೆ ಬಿದ್ದರೆ ಕೊಳ್ಳುವುದು, ಹಳೇ ಬೆಲೆಗೆ ಬಂದರೆ ಮಾರುವುದು, ಮೂರು ವರ್ಷ ಆದರೂ ಬರದಿದ್ದರೆ ಸಿಕ್ಕಿದ್ದಕ್ಕೆ ಬಿಟ್ಟುಬಿಡುವುದು. ಹತ್ತರಲ್ಲಿ ಎಂಟು ಷೇರು ಮೇಲೆದ್ದಿದ್ದವು. ಆರು ಲಕ್ಷ ಹಾಕಿದೆ. ಒಂದೂವರೆ ವರ್ಷದಲ್ಲಿ ಎರಡು ಲಕ್ಷದ ಹತ್ತಿರ ಹೋಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನುಂಗಿದ್ದು ಸಾಲ ಕೊಡುವ ವ್ಯವಹಾರದ ಒಂದೇ ಕಂಪನಿ. ಅದು ಅರ್ಧಕ್ಕೆ ಬಿತ್ತು, ಅಲ್ಲಿಂದ ಮತ್ತೆ ಅರ್ಧಕ್ಕೆ ಬಿತ್ತು. ಆಮೇಲೆ ಮಾರೋಣ ಎಂದರೆ ಕೊಳ್ಳುವವರೇ ಇಲ್ಲ.

ತಪ್ಪು ಎಲ್ಲಿದೆ ಎಂದು ಕೋಡ್‌ನಲ್ಲಿ ತಿಂಗಳುಗಟ್ಟಲೆ ಹುಡುಕಿದೆ. ಕೋಡ್ ಸರಿ ಇತ್ತು. ಕೆಟ್ಟದ್ದು ಪಟ್ಟಿ. ನಾನು ತೆಗೆದುಕೊಂಡಿದ್ದು ಟೆಸ್ಟ್ ಮಾಡಿದ ದಿನದ ನಿಫ್ಟಿ 500, ಅಂದರೆ ಅವತ್ತಿನ ಐನೂರು ದೊಡ್ಡ ಕಂಪನಿಗಳ ಪಟ್ಟಿ. ಆ ಪಟ್ಟಿಯಲ್ಲಿ ಇರುವುದು ಹೆಚ್ಚಾಗಿ ಬಿದ್ದರೂ ಎದ್ದವು, ಇಲ್ಲವೇ ಬೀಳದೇ ಇದ್ದವು. 2010ರ ಆರಂಭದಲ್ಲಿ ಸುಜ್ಲಾನ್, ಯುನಿಟೆಕ್, ರಿಲಯನ್ಸ್ ಕಮ್ಯುನಿಕೇಷನ್ಸ್, ಜೈಪ್ರಕಾಶ್ ಅಸೋಸಿಯೇಟ್ಸ್ ನಿಫ್ಟಿ 50ರಲ್ಲೇ ಇದ್ದವು. ಬಿದ್ದದ್ದನ್ನು ಕೊಳ್ಳುವ ನಿಯಮ ಅವತ್ತು ಅವನ್ನೆಲ್ಲ ಕೊಳ್ಳುತ್ತಿತ್ತು. ಏರುತ್ತಿರುವುದನ್ನು ಕೊಳ್ಳುವ ನಿಯಮಕ್ಕೆ ಈ ಏಟು ಇಷ್ಟು ಜೋರಾಗಿ ತಗಲುವುದಿಲ್ಲ. ಅದನ್ನೂ ಪರೀಕ್ಷಿಸಿ ನೋಡಿದ್ದೇನೆ, ಆ ಕಥೆ ಬೇರೆ.

ಎನ್‌ಎಸ್‌ಇಯ ಹಳೇ ಭಾವ್‌ಕಾಪಿಗಳನ್ನು, ಅಂದರೆ ಆಯಾ ದಿನದ ಬೆಲೆಗಳ ಫೈಲುಗಳನ್ನು, ದಿನಕ್ಕೊಂದರಂತೆ ಇಳಿಸಿಕೊಂಡು, ಆಯಾ ತಿಂಗಳ ವಹಿವಾಟಿನ ಮೊತ್ತದ ಮೇಲೆ ಮೊದಲ 200 ಕಂಪನಿಗಳ ಪಟ್ಟಿಯನ್ನು ನಾನೇ ಕಟ್ಟಿದೆ. ಅವತ್ತು ವಹಿವಾಟು ನಡೆದದ್ದೆಲ್ಲ ಆ ಫೈಲಿನಲ್ಲಿ ಇರುತ್ತದೆ. ಮುಂದೆ ಯಾವುದು ಉಳಿಯಿತು ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ನಮ್ಮ ಭಾವ ನಕ್ಕರು: "ಹೋದ ಕಂಪನಿಗಳ ತಿಥಿ ಮಾಡ್ತಾ ಕೂತಿದೀಯಲ್ಲೋ!"

ಅಷ್ಟು ಮಾಡಿದರೂ ಹತ್ತರಲ್ಲಿ ಆರು ಮೇಲೇಳುತ್ತಿದ್ದವು. ನಂಬಿಕೆ ಬರಲಿಲ್ಲ. ಒಂದೊಂದೇ ಷೇರಿನ ಕೊನೆಯ ದಿನಗಳನ್ನು ಕಣ್ಣಾರೆ ನೋಡುತ್ತ ಹೋದಾಗ ಸಿಕ್ಕಿಬಿತ್ತು. ಅಭ್ಯಾಸಬಲದಿಂದ ನಾನು ಮಾಮೂಲು ವಹಿವಾಟಿನ ಷೇರುಗಳಿರುವ `EQ` ಸೀರೀಸ್ ಮಾತ್ರ ಓದುತ್ತಿದ್ದೆ. ಕಂಪನಿ ಹಳ್ಳ ಹಿಡಿಯುವಾಗ ಅದನ್ನು ಎಷ್ಟೋ ಸಲ ಕಟ್ಟುಪಾಡಿನ ವಹಿವಾಟಿನ `BE`ಗೆ, ನಿಯಮ ಪಾಲಿಸದಿದ್ದರೆ `BZ`ಗೆ ಹಾಕುತ್ತಾರೆ. ನನ್ನ ಲೆಕ್ಕದಲ್ಲಿ ಷೇರು 40 ರೂಪಾಯಿಗೆ ಮಾಯವಾಗುತ್ತಿತ್ತು. ನಿಜದಲ್ಲಿ ಅದು 3 ರೂಪಾಯಿವರೆಗೆ ಜಾರಿತ್ತು.

```python
bele = df[df["SERIES"].isin(["EQ", "BE", "BZ"])]
```

ಇದಕ್ಕೆ ಉಲ್ಟಾ ತಪ್ಪೂ ಇದೆ. ಇನ್ಫೋಸಿಸ್ ಷೇರಿನ ಸಂಕೇತ `INFOSYSTCH` 2011ರಲ್ಲಿ `INFY` ಆಯಿತು, `HEROHONDA` ಹೋಗಿ `HEROMOTOCO` ಬಂತು. ಎರಡನ್ನೂ ನನ್ನ ಪ್ರೋಗ್ರಾಂ ಸತ್ತವರ ಪಟ್ಟಿಗೆ ಸೇರಿಸಿತ್ತು. ಷೇರಿನ ಗುರುತಿನ ಸಂಖ್ಯೆಯಾದ ಐಸಿನ್ ಹಿಡಿದು ಜೋಡಿಸೋಣ ಎಂದರೆ ಮುಖಬೆಲೆ ಸೀಳಿದಾಗ ಅದೂ ಬದಲಾಗುತ್ತದೆ. ವಿಲೀನವನ್ನು ಸೊನ್ನೆ ಎಂದು ಬರೆಯುವ ಹಾಗಿಲ್ಲ. 2013ರಲ್ಲಿ ಮಹೀಂದ್ರಾ ಸತ್ಯಂನ 17 ಷೇರಿಗೆ ಟೆಕ್ ಮಹೀಂದ್ರಾದ 2 ಷೇರು ಸಿಕ್ಕಿದ್ದವು. ಇಂಥವನ್ನೆಲ್ಲ ಜೋಡಿಸಿದ ನನ್ನ ಕೋಷ್ಟಕವನ್ನು ಯಾರಿಗೂ ಕೊಡುವುದಿಲ್ಲ, ಕೇಳಬೇಡಿ. ನಾಲ್ಕು ತಿಂಗಳ ರಾತ್ರಿಗಳು ಅದರಲ್ಲಿವೆ.

ಕೊನೆಗೆ ನಿಂತ ಲೆಕ್ಕ: ನೂರು ಬಿದ್ದರೆ ಎದ್ದದ್ದು ನಲವತ್ತು.

ಸಾಲ ಕಡಿಮೆ ಇರುವ ಕಂಪನಿಗಳನ್ನಷ್ಟೇ ಕೊಂಡರೆ ಸರಿಹೋಗುತ್ತದೆ ಎಂದು ಗೆಳೆಯನೊಬ್ಬ ಹೇಳಿದ. ಎದ್ದ ನಲವತ್ತನ್ನು ನೋಡಿದರೆ 32ರಲ್ಲಿ ಸಾಲ ಕಡಿಮೆ. ನೂರಕ್ಕೆ ಎಂಬತ್ತು! ಇಬ್ಬರೂ ಕುಣಿದೆವು. ಮಾರನೇ ದಿನ ಏಳದ ಅರವತ್ತನ್ನೂ ತೆರೆದೆ. ಅಲ್ಲೂ 36ರಲ್ಲಿ ಸಾಲ ಕಡಿಮೆಯೇ. ಅಂದರೆ ಸಾಲ ಕಡಿಮೆ ಇದ್ದ 68ರಲ್ಲಿ ಎದ್ದದ್ದು 32, ನೂರಕ್ಕೆ 47. ಎಂಬತ್ತು ಎಂದುಕೊಂಡಿದ್ದ ಜಾಗದಲ್ಲಿ ಸಿಕ್ಕಿದ್ದು ನಲವತ್ತರಿಂದ ನಲವತ್ತೇಳಕ್ಕೆ ಏರಿಕೆ. ಬಿಸಾಡುವಂಥದ್ದಲ್ಲ. ಆದರೆ ಒಂದೇ ಷೇರಿಗೆ ಲಕ್ಷ ಸುರಿಯುವಂಥದ್ದೂ ಅಲ್ಲ.

ಇದೇ ಗುಂಗಿನಲ್ಲಿ ಹಬ್ಬಕ್ಕೆ ಊರಿಗೆ ಹೋದಾಗ, ತೆಂಗಿನಕಾಯಿ ಹಿಡಿದು ನೀರು ತೋರಿಸುವವರ ಲೆಕ್ಕ ಹಾಕಿದೆ. ಅವರು ತೋರಿಸಿದ ಜಾಗದಲ್ಲಿ ಹದಿನೈದು ಬೋರ್ ಕೊರೆಸಿ ಹತ್ತರಲ್ಲಿ ನೀರು ಬಂದಿತ್ತು. ಅವರನ್ನು ಕೇಳದೆ ತಮಗೆ ತೋಚಿದಲ್ಲಿ ಕೊರೆಸಿದವರದ್ದು ಹನ್ನೆರಡರಲ್ಲಿ ಎಂಟು. ಎರಡೂ ಮೂರರಲ್ಲಿ ಎರಡು. ಅಪ್ಪ ಎರಡು ದಿನ ಮಾತು ಬಿಟ್ಟರು.

ಈಗ ಒಂದು ಷೇರಿಗೆ ಬಂಡವಾಳದ ನಾಲ್ಕು ಪರ್ಸೆಂಟ್ ಮೀರುವುದಿಲ್ಲ. ಯಾವಾಗ ಹೊರಗೆ ಬರಬೇಕು ಎಂಬುದಕ್ಕೆ ಇನ್ನೊಂದು ನಿಯಮವಿದೆ, ಅದು ನನ್ನ ಹತ್ತಿರವೇ ಇರಲಿ. ಹೊಸ ಬ್ಯಾಕ್‌ಟೆಸ್ಟ್ ವರ್ಷಕ್ಕೆ 13 ಪರ್ಸೆಂಟ್ ಎಂದಿತ್ತು. ಮೂರು ವರ್ಷದಲ್ಲಿ ಕೈಗೆ ಬಂದದ್ದು 14ರ ಆಸುಪಾಸು, ಮಾರುಕಟ್ಟೆಯೂ ಒಳ್ಳೆಯದಿತ್ತು ಅನ್ನಿ. ಹಳೇ ಟೆಸ್ಟ್ 29 ಎಂದಿತ್ತು. ಭಾವ ಮೊನ್ನೆ ಫೋನ್ ಮಾಡಿ ಆ ಕೋಷ್ಟಕ ಕೇಳಿದರು.